ಮೊತ್ತವಿಲ್ಲದ ನೋಟೀಸು

"ಸರ್ವಿಸ್ ಚಾರ್ಜು ಮತ್ತು ಟಿಪ್ಸನ್ನು ಒಟ್ಟುಗೂಡಿಸಿ ಎಲ್ಲ ಸಿಬ್ಬಂದಿಗೆ ನ್ಯಾಯವಾಗಿ ಹಂಚಲಾಗುವುದು." ಹೈದರಾಬಾದಿನ ಹೈಟೆಕ್ ಸಿಟಿ ಕಡೆಯ ಒಂದು ರೆಸ್ಟೋರೆಂಟಿನ ಹಿಂಬಾಗಿಲ ಗೋಡೆಗೆ ಅಂಟಿಸಿದ ಇಂಗ್ಲಿಷ್ ನೋಟೀಸಿನ ಮೊದಲ ಸಾಲಿನ ತಿರುಳು ಇಷ್ಟು. ಅದರ ಫೋಟೊ ನನಗೆ ತೋರಿಸಿದವನು ನಮ್ಮ ಬೀದರ್ ಕಡೆಯ ಹುಡುಗ, ಅಲ್ಲಿ ಸಪ್ಲೈಯರ್. ನೋಟೀಸಿನ ಕೆಳಗೆ ಒಂದು ಪಟ್ಟಿ ಇತ್ತು. ಮ್ಯಾನೇಜರಿಗೆ ಇಷ್ಟು ಪಾಯಿಂಟು, ಕ್ಯಾಪ್ಟನ್‌ಗೆ ಇಷ್ಟು, ಸಪ್ಲೈಯರಿಗೆ ಇಷ್ಟು, ಟೇಬಲ್ ಒರೆಸುವ ಹುಡುಗನಿಗೆ ಇಷ್ಟು. ಅದರ ಕೆಳಗೆ ಮ್ಯಾನೇಜರನ ಸಹಿ, ಅಂಗಡಿಯ ಮುದ್ರೆ. ನಾನು ಆ ಫೋಟೊವನ್ನು ದೊಡ್ಡದು ಮಾಡಿ ಮೂಲೆಮೂಲೆ ಹುಡುಕಿದೆ. ಒಂದು ಅಂಕಿ ಎಲ್ಲೂ ಇರಲಿಲ್ಲ: ಆ ತಿಂಗಳು ಒಟ್ಟು ಎಷ್ಟು ಹಣ ಬಂತು ಎಂಬುದು.

ಹಂಚುವ ಬಗೆಯನ್ನು ಬರೆದು, ಹಂಚಬೇಕಾದ ಹಣವನ್ನು ಬರೆಯದ ನೋಟೀಸು ಮೋಸದ ಕಾಗದ. ಇದನ್ನು ನಾನು ಮೆತ್ತಗೆ ಹೇಳಲಾರೆ. ಪಾಯಿಂಟುಗಳ ಪಟ್ಟಿ ನೋಡಿದ ಕೆಲಸಗಾರ ತನ್ನ ಪಕ್ಕದವನ ಪಾಯಿಂಟು ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ನೋಡುತ್ತಾನೆ. ಮೇಲಿನಿಂದ ಎಷ್ಟು ಕತ್ತರಿಸಿ ಉಳಿದದ್ದನ್ನು ತನ್ನ ಮುಂದೆ ಇಟ್ಟಿದ್ದಾರೆ ಎಂದು ನೋಡಲು ಅವನಿಗೆ ದಾರಿಯೇ ಇರುವುದಿಲ್ಲ. ಜಗಳವೆಲ್ಲ ಕೆಳಗಿನವರ ನಡುವೆ ನಡೆಯುತ್ತದೆ, ಹಣ ಮೇಲೆ ನಿಲ್ಲುತ್ತದೆ.

ಈ ಹಣದ ಬಗ್ಗೆ ಕಾನೂನು ಏನು ಹೇಳಿದೆ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಮಾಲೀಕರು ಕಾನೂನಿನ ಮಾತನ್ನೇ ತಮಗೆ ಬೇಕಾದ ಹಾಗೆ ಮುರಿದು ಹೇಳುತ್ತಾರೆ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಹೋಟೆಲು, ರೆಸ್ಟೋರೆಂಟುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು, ಕೊಡುವುದು ಗಿರಾಕಿಯ ಇಷ್ಟ ಎಂದು ತಿಳಿಸಬೇಕು, ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನಬಾರದು. ಗಿರಾಕಿ 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. ರೆಸ್ಟೋರೆಂಟು ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆಯನ್ನೂ ತಂದವು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿದರು.

ಈ ತೀರ್ಪನ್ನು ಪತ್ರಿಕೆಗಳು ಗಿರಾಕಿಯ ಗೆಲುವು ಎಂದು ಬರೆದವು. ಗಿರಾಕಿಗೆ ಅದು ಗೆಲುವೇ. ಆದರೆ ವರ್ಷಗಟ್ಟಲೆ ಮಾಲೀಕರ ಸಂಘಗಳು ಸರ್ವಿಸ್ ಚಾರ್ಜನ್ನು ಸಮರ್ಥಿಸಿಕೊಂಡದ್ದು ಯಾರ ಹೆಸರಿನಲ್ಲಿ? ಸಪ್ಲೈಯರ್ ಒಬ್ಬನಿಗೇ ಅಲ್ಲ, ಗಿರಾಕಿಯ ಕಣ್ಣಿಗೆ ಬೀಳದ ಅಡುಗೆಮನೆಯವರಿಗೂ ಪಾತ್ರೆ ತೊಳೆಯುವವರಿಗೂ ಪಾಲು ಸಿಗಲಿ ಎಂದೇ ಇದನ್ನು ವಸೂಲು ಮಾಡುತ್ತೇವೆ ಎಂದು ಹೇಳಿಕೊಂಡು ಬಂದರು. ಪಾತ್ರೆ ತೊಳೆಯುವ ಹೆಂಗಸಿನ ನೆನೆದ ಕೈಯನ್ನು ಎತ್ತಿ ತೋರಿಸಿ ತಮ್ಮ ವಾದ ಕಟ್ಟಿದರು. ಹಾಗಾದರೆ ಆ ಕೈಗೆ ತಿಂಗಳಿಗೆ ಎಷ್ಟು ರೂಪಾಯಿ ಬಿತ್ತು ಎಂಬ ಲೆಕ್ಕವನ್ನು ಗೋಡೆಗೆ ಅಂಟಿಸಲು ಏನು ಅಡ್ಡಿ? 2022ರ ಮಾರ್ಗಸೂಚಿ ಗಿರಾಕಿಯ ಜೇಬನ್ನು ಕಾಯುತ್ತದೆ. ಜೇಬಿನಿಂದ ಹೊರಗೆ ಬಂದ ಹಣ ಕೆಲಸಗಾರನಿಗೆ ತಲುಪಿತೇ ಎಂದು ಕೇಳುವ ಕೆಲಸ ಅದರದ್ದಲ್ಲ.

ಇನ್ನೊಂದು ತೀರ್ಪು ಇದೆ, ಕೆಲಸಗಾರರು ಬಾಯಿಪಾಠ ಮಾಡಿಕೊಳ್ಳಬೇಕಾದದ್ದು. ಗಿರಾಕಿ ಕಾರ್ಡಿನಲ್ಲಿ ಕೊಟ್ಟ ಟಿಪ್ಸು ಹೋಟೆಲಿನ ಖಾತೆಗೆ ಬಂದು, ಅಲ್ಲಿಂದ ಕೆಲಸಗಾರರಿಗೆ ಹೋದರೆ ಅದು ಸಂಬಳವೇ, ಅದರ ಮೇಲೆ ಮೂಲದಲ್ಲೇ ಆದಾಯ ತೆರಿಗೆ ಹಿಡಿಯಬೇಕೇ ಎಂಬ ಪ್ರಶ್ನೆ ಐಟಿಸಿ ಹೋಟೆಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಬಂತು. 2016ರ ಏಪ್ರಿಲಿನಲ್ಲಿ ಕೋರ್ಟು ಹೇಳಿತು: ಅದು ಸಂಬಳವಲ್ಲ. ಕೊಡುವವನು ಗಿರಾಕಿ, ಪಡೆಯುವವನು ಕೆಲಸಗಾರ. ನಡುವೆ ಹೋಟೆಲು ಆ ಹಣವನ್ನು ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದೆ ಅಷ್ಟೇ. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಕಾರ್ಮಿಕ ಸಂಘದ ಪ್ರಕರಣದಲ್ಲಿ 1976ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಟಿಪ್ಸನ್ನು ಗಿರಾಕಿ ಕೊಟ್ಟ ಹಣವೆಂದೇ ನೋಡಿತ್ತು, ಮಾಲೀಕ ಕೊಟ್ಟದ್ದೆಂದು ಅಲ್ಲ.

ಈ ಮಾತಿಗೆ ಎರಡು ಅಂಚುಗಳಿವೆ. ಸಂಬಳವಲ್ಲ ಎಂದಮೇಲೆ ಅದರ ಮೇಲೆ ಇಎಸ್ಐ ವಂತಿಗೆಯಿಲ್ಲ, ಹೆಚ್ಚುವರಿ ದುಡಿಮೆಯ ಲೆಕ್ಕಕ್ಕೆ ಅದು ಬರುವುದಿಲ್ಲ. ಇಷ್ಟನ್ನು ಮಾಲೀಕರು ಸಂತೋಷದಿಂದ ಒಪ್ಪುತ್ತಾರೆ. ಇನ್ನೊಂದು ಅಂಚನ್ನು ಮುಟ್ಟುವುದಿಲ್ಲ. ನಂಬಿಕೆಯ ಮೇಲೆ ಇಟ್ಟುಕೊಂಡ ಹಣ ಎಂದರೆ ಬೇರೆಯವರ ಹಣ. ಬೇರೆಯವರ ಹಣದಲ್ಲಿ ಒಡೆದ ಗಾಜಿನ ಲೋಟದ ಬೆಲೆ ಹಿಡಿಯಲು, ಯೂನಿಫಾರಮ್ಮಿನ ಖರ್ಚು ತೆಗೆಯಲು, ದೀಪಾವಳಿಗೆ ಸ್ವೀಟ್ ಬಾಕ್ಸು ಕೊಟ್ಟು ಅದನ್ನು ಬೋನಸ್ ಎನ್ನಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ತೆರಿಗೆಯ ಕಟಕಟೆಯಲ್ಲಿ "ಇದು ನಮ್ಮ ಹಣವಲ್ಲ" ಎಂದು ವಾದಿಸಿ ಗೆದ್ದ ಉದ್ಯಮ ಅಡುಗೆಮನೆಯೊಳಗೆ ಬಂದಾಗಲೂ ಅದೇ ಮಾತಿಗೆ ನಿಲ್ಲಬೇಕು.

ಈಗ ಲೆಕ್ಕಕ್ಕೆ ಬರೋಣ. ಮಾತಿನಲ್ಲಿ ಮುಚ್ಚಬಹುದಾದದ್ದು ಲೆಕ್ಕದಲ್ಲಿ ಮುಚ್ಚಲು ಬರುವುದಿಲ್ಲ. ಕೆಳಗಿನ ಅಂಕಿಗಳನ್ನು ಉದಾಹರಣೆಗಾಗಿ ನಾನೇ ಹಾಕಿಕೊಂಡಿದ್ದೇನೆ, ಲೆಕ್ಕದ ದಾರಿ ಮಾತ್ರ ಹೋಟೆಲುಗಳಲ್ಲಿ ನಡೆಯುವಂಥದ್ದೇ.

ಒಂದು ರೆಸ್ಟೋರೆಂಟಿನಲ್ಲಿ 22 ಜನ. ಇಬ್ಬರು ಕ್ಯಾಪ್ಟನ್‌ಗಳಿಗೆ ತಲಾ 5 ಪಾಯಿಂಟು. ಎಂಟು ಸಪ್ಲೈಯರುಗಳಿಗೂ ಇಬ್ಬರು ಅಡುಗೆ ಮಾಸ್ಟರುಗಳಿಗೂ ತಲಾ 4. ಮೂವರು ಅಡುಗೆ ಹೆಲ್ಪರುಗಳು, ನಾಲ್ವರು ಟೇಬಲ್ ಕ್ಲೀನರುಗಳು, ಪಾತ್ರೆ ತೊಳೆಯುವ ಮೂವರು, ಇವರಿಗೆಲ್ಲ ತಲಾ 3. ಕೂಡಿಸಿದರೆ 80 ಪಾಯಿಂಟು. ಎಲ್ಲರೂ ತಿಂಗಳಲ್ಲಿ 26 ದಿನ ಬಂದರು ಎನ್ನೋಣ. 80ನ್ನು 26ರಿಂದ ಗುಣಿಸಿದರೆ 2,080 ಪಾಲು. ಆ ತಿಂಗಳು ಕಾರ್ಡು ಮತ್ತು ಯುಪಿಐ ಟಿಪ್ಸು 98,000 ರೂಪಾಯಿ, ಗಿರಾಕಿಗಳು ಒಪ್ಪಿ ಕೊಟ್ಟ ಸರ್ವಿಸ್ ಚಾರ್ಜು 68,000, ನಗದು ಡಬ್ಬಿಯಲ್ಲಿ 21,200. ಒಟ್ಟು 1,87,200. ಒಂದು ಪಾಲಿಗೆ ಸರಿಯಾಗಿ 90 ರೂಪಾಯಿ. ಕ್ಯಾಪ್ಟನ್‌ಗೆ 11,700, ಸಪ್ಲೈಯರಿಗೂ ಮಾಸ್ಟರಿಗೂ 9,360, ಪಾತ್ರೆ ತೊಳೆಯುವಾಕೆಗೆ 7,020. ಇದು ನೇರವಾದ ಹಂಚಿಕೆ.

ಇನ್ನು ಸೊಟ್ಟ ಹಂಚಿಕೆ. ಮಾಲೀಕ ಮೊದಲು ಒಡಕು, ಯೂನಿಫಾರಂ, ಕಾರ್ಡಿನ ಶುಲ್ಕ, ಕ್ಷೇಮನಿಧಿ ಎಂದೆಲ್ಲ ಹೇಳಿ ನೂರಕ್ಕೆ 30 ತೆಗೆದಿಟ್ಟ. 56,160 ರೂಪಾಯಿ ಹೋಯಿತು, 1,31,040 ಉಳಿಯಿತು. ಆಮೇಲೆ ಮ್ಯಾನೇಜರನನ್ನು 10 ಪಾಯಿಂಟಿನ ಮೇಲೆ ಪಟ್ಟಿಯ ತಲೆಗೆ ಕೂರಿಸಿದ. ಪಾಲುಗಳು 2,080ರಿಂದ 2,340ಕ್ಕೆ ಏರಿದವು. ಒಂದು ಪಾಲಿನ ಬೆಲೆ 90ರಿಂದ 56ಕ್ಕೆ ಇಳಿಯಿತು. ಮ್ಯಾನೇಜರನಿಗೆ 14,560, ಪಾತ್ರೆ ತೊಳೆಯುವಾಕೆಗೆ 4,368. ಗೋಡೆಯ ಮೇಲಿನ ನೋಟೀಸಿನಲ್ಲಿ ಆಕೆಯ ಪಾಯಿಂಟು ಆಗಲೂ 3, ಈಗಲೂ 3. ಪಟ್ಟಿಯಲ್ಲಿ ಯಾರೂ ಆಕೆಯ ಪಾಲನ್ನು ಮುಟ್ಟಿಲ್ಲ. ಆದರೂ 2,652 ರೂಪಾಯಿ ಕಾಣೆಯಾಗಿದೆ. ಮೊತ್ತವನ್ನು ಬರೆಯದೆ ಪಾಯಿಂಟನ್ನು ಮಾತ್ರ ಬರೆಯುವುದರಿಂದ ಆಗುವ ಕೆಲಸ ಇದು.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಕೆಟ್ಟದ್ದು. ಪಾತ್ರೆ ತೊಳೆಯುವ ಮೂವರು ನಮ್ಮ ನೌಕರರಲ್ಲ, ಠೇಕೆದಾರನ ಕಡೆಯವರು ಎಂದು ಅವರನ್ನು ಪಟ್ಟಿಯಿಂದಲೇ ತೆಗೆದ. ಆಗ ಪಾಲುಗಳು 2,106ಕ್ಕೆ ಇಳಿದು, ಒಂದು ಪಾಲಿನ ಬೆಲೆ 62 ರೂಪಾಯಿಗೆ ಸ್ವಲ್ಪ ಮೇಲಾಯಿತು. ಸಪ್ಲೈಯರನ ಕೈಗೆ 5,824ರ ಬದಲು ಸುಮಾರು 6,471. ತಿಂಗಳಿಗೆ 647 ರೂಪಾಯಿ ಹೆಚ್ಚು ಬಂತು. ಇಷ್ಟಕ್ಕೆ ಅವನು ಸುಮ್ಮನಾಗುತ್ತಾನೆ. ಅವನಿಗೆ ನ್ಯಾಯವಾಗಿ ಬರಬೇಕಾಗಿದ್ದದ್ದು 9,360 ಎಂಬುದು ಅವನಿಗೆ ಗೊತ್ತಿಲ್ಲ, ಏಕೆಂದರೆ 1,87,200 ಎಂಬ ಅಂಕಿಯನ್ನು ಅವನು ಎಂದೂ ಕಂಡಿಲ್ಲ. ಅವನ ಕಣ್ಣಿಗೆ ಕಾಣುವುದು ಆ ಮೂವರು ಹೆಂಗಸರನ್ನು ತೆಗೆದ ತಿಂಗಳು ತನ್ನ ಪಾಲು ಏರಿತು ಎಂಬುದೊಂದೇ. ಅವರನ್ನು ಮರಳಿ ಸೇರಿಸಿ ಎಂದು ಯಾರಾದರೂ ಕೇಳಿದರೆ ಮೊದಲು ಎದುರು ನಿಲ್ಲುವವನು ಅವನೇ. ಮಾಲೀಕ ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಆ ಹುಡುಗನ ಹೋಟೆಲಿನಲ್ಲೂ ತೊಳೆಯುವವರು ಪಟ್ಟಿಯಲ್ಲಿ ಇರಲಿಲ್ಲ. ಅವರಲ್ಲಿ ಒಬ್ಬಾಕೆ ಹುಮನಾಬಾದ್ ಕಡೆಯವರು. ಮಳೆ ಕೈಕೊಟ್ಟ ವರ್ಷ ಗಂಡನ ಜೊತೆ ಹೈದರಾಬಾದಿಗೆ ಬಂದವರು ಅಲ್ಲೇ ನಿಂತಿದ್ದಾರೆ. ನಾನು ಕೇಳಿದಾಗ ಹೇಳಿದರು: "ನೋಟೀಸಿನ್ಯಾಗ ನಮ್ ಹೆಸರೇ ಇಲ್ರಿ ಅಣ್ಣಾರ. ನಾವು ಠೇಕೆದಾರನ ಮಂದಿ ಅಂತ್ರಿ. ಅವರ ಮಾಲಕ ಬ್ಯಾರೆ, ನಮ್ ಮಾಲಕ ಬ್ಯಾರೆ. ತೊಳ್ಯಾ ತಾಟು ಮಾತ್ರ ಅವರದೇ ನೋಡ್ರಿ." ಅದೇ ತಾಟಿನಲ್ಲಿ ಉಂಡು ತೃಪ್ತಿಯಾದ ಗಿರಾಕಿ ಟಿಪ್ಸು ಬರೆದಿದ್ದಾನೆ. ತಾಟಿಗೆ ಎಣ್ಣೆಯ ಜಿಡ್ಡು ಅಂಟಿದ್ದರೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ.

ಬೀದರ್, ಕಲಬುರಗಿ, ಯಾದಗಿರಿಯ ಜನಕ್ಕೆ ಹೈದರಾಬಾದು ಪರವೂರಲ್ಲ. 1948ರವರೆಗೆ ನಾವೂ ನಿಜಾಮನ ಸೀಮೆಯವರೇ. ಕಾಚಿಗುಡದಲ್ಲಿ ಕನ್ನಡ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ, ಊರ ತುಂಬ ಉಡುಪಿ ಹೋಟೆಲುಗಳ ಹಳೆಯ ಹೆಸರಿದೆ. ಆ ಹೆಸರನ್ನು ಹೆಮ್ಮೆಯಿಂದ ಹೇಳುವವರು ಅದರ ಅಡುಗೆಮನೆಯ ನಕ್ಷೆಯನ್ನೂ ಹೇಳಬೇಕು. ಹಿಂದಿನ ಕಾಲದ ಹೋಟೆಲುಗಳಲ್ಲಿ ಒಲೆಯ ಮುಂದೆ ಯಾರು ನಿಲ್ಲಬೇಕು, ಬಡಿಸಲು ಯಾರು ಹೋಗಬೇಕು, ಎಂಜಲೆಲೆ ಎತ್ತಿ ತಟ್ಟೆ ತೊಳೆಯಲು ಯಾರು ಕೂರಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಇಂದು ಗಾಜಿನ ಗೋಡೆಯ ರೆಸ್ಟೋರೆಂಟಿನಲ್ಲಿ ಯಾರೂ ಜಾತಿ ಕೇಳುವುದಿಲ್ಲ ಎನ್ನುತ್ತಾರೆ. ಹಾಗಾದರೆ ತೊಳೆಯುವ ಜಾಗದಲ್ಲಿ ನಿಂತವರು ಯಾವ ಕೇರಿಯಿಂದ ಬಂದವರು, ಗಲ್ಲಾದಲ್ಲಿ ಕೂತವರು ಯಾವ ಕೇರಿಯಿಂದ ಬಂದವರು ಎಂದು ಒಮ್ಮೆ ಲೆಕ್ಕ ಹಾಕಿ ನೋಡಲಿ. ಪಾಯಿಂಟುಗಳ ಪಟ್ಟಿ ಹಳೆಯ ನಕ್ಷೆಯನ್ನು ಹಾಗೇ ಇಳಿಸಿಕೊಂಡಿದೆ. ಗಿರಾಕಿಯ ಹತ್ತಿರ ಹೋದಷ್ಟೂ ಪಾಯಿಂಟು ಹೆಚ್ಚು, ಎಂಜಲಿನ ಹತ್ತಿರ ಹೋದಷ್ಟೂ ಕಡಿಮೆ, ಎಂಜಲಿನಲ್ಲೇ ಕೈಯಿಟ್ಟವರಿಗೆ ಸೊನ್ನೆ. ನನ್ನ ಉದಾಹರಣೆಯಲ್ಲಿ ಅವರಿಗೆ 3 ಕೊಟ್ಟೆ. ನನ್ನನ್ನು ಕೇಳಿದರೆ ಅವರಿಗೂ ಸಪ್ಲೈಯರಿಗೂ ಸಮನಾಗಿ 4 ಇರಬೇಕು. ಸಪ್ಲೈಯರು ಬೈಗುಳ ತಿನ್ನುತ್ತಾನೆ, ನಗಬೇಕಾಗುತ್ತದೆ, ರಾತ್ರಿ ಒಂದು ಗಂಟೆಯವರೆಗೆ ಕಾಲ ಮೇಲೆ ನಿಲ್ಲುತ್ತಾನೆ, ನಿಜ. ತೊಳೆಯುವಾಕೆ ಅದೇ ಒಂದು ಗಂಟೆಯವರೆಗೆ ಸೋಪಿನ ನೀರಿನಲ್ಲಿ ನಿಲ್ಲುತ್ತಾಳೆ, ಬೆರಳ ಸಂದು ಕೊಳೆಯುತ್ತದೆ.

ಅಡುಗೆಮನೆಗೆ ಪಾಲು ಏಕೆ, ಗಿರಾಕಿ ಮೆಚ್ಚಿ ಕೊಟ್ಟದ್ದು ನನಗೆ ಎಂದು ಕೇಳುವ ಸಪ್ಲೈಯರುಗಳಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಕೈಗೆ ಕೊಟ್ಟ ನಗದನ್ನು ಪಡೆದವರಿಗೇ ಬಿಡಬೇಕೋ ಒಟ್ಟಿಗೆ ಹಾಕಬೇಕೋ ಎಂಬುದನ್ನು ಕೆಲಸಗಾರರೇ ಕೂತು ತೀರ್ಮಾನಿಸಬೇಕು. ಒಟ್ಟಿಗೆ ಹಾಕದಿದ್ದರೆ ಒಳ್ಳೆಯ ಟೇಬಲುಗಳನ್ನು ಯಾರಿಗೆ ಕೊಡುವುದು ಎಂಬುದು ಕ್ಯಾಪ್ಟನ್ನನ ಕೈಯಲ್ಲಿ ಅಸ್ತ್ರವಾಗುತ್ತದೆ. ಅವನಿಗೆ ಬೇಡವಾದವನು ಶೌಚಾಲಯದ ಬಾಗಿಲ ಪಕ್ಕದ ಟೇಬಲಿಗೆ ಹೋಗುತ್ತಾನೆ. ಒಟ್ಟಿಗೆ ಹಾಕುವುದೇ ಮೇಲು ಎಂದು ನಾನು ನಂಬುವುದು ಇದೇ ಕಾರಣಕ್ಕೆ. ಆದರೆ ಲೆಕ್ಕ ಕಣ್ಣಿಗೆ ಕಾಣುವಂತಿದ್ದರೆ ಮಾತ್ರ. ಲೆಕ್ಕವಿಲ್ಲದ ಡಬ್ಬಿಗೆ ತನ್ನ ಹತ್ತು ರೂಪಾಯಿಯನ್ನೂ ಹಾಕಬೇಡ ಎಂದು ನಾನು ಯಾವ ಹುಡುಗನಿಗೂ ಹೇಳುತ್ತೇನೆ.

ಹಣ ಸೋರುವ ಜಾಗ ಈಗ ಡಬ್ಬಿಯಲ್ಲ, ಫೋನು. ಬಿಲ್ಲು 1,260 ರೂಪಾಯಿ ಆಯಿತು ಎನ್ನಿ. ಗಿರಾಕಿ ಮೇಜಿನ ಮೇಲಿನ ಕ್ಯೂಆರ್ ಚೀಟಿಗೆ ಫೋನು ಹಿಡಿದು 1,300 ಹಾಕಿ, "ಉಳಿದದ್ದು ನಿನಗೆ" ಎಂದು ಹೇಳಿ ಎದ್ದು ಹೋಗುತ್ತಾನೆ. ಆ 40 ರೂಪಾಯಿ ನೇರವಾಗಿ ಮಾಲೀಕನ ಬ್ಯಾಂಕು ಖಾತೆಗೆ ಬಿದ್ದಿದೆ. ಕ್ಯಾಷಿಯರು ಬಿಲ್ಲು ಮುಚ್ಚುವಾಗ 1,260 ಎಂದು ಮಾತ್ರ ಒತ್ತಿದರೆ ಆ 40ಕ್ಕೆ ಹೆಸರೇ ಇಲ್ಲ. ಕಾರ್ಡು ಯಂತ್ರದಲ್ಲಿ ಟಿಪ್ಸಿಗೆ ಬೇರೆ ಸಾಲು ಇದ್ದರೆ ಅದು ದಿನದ ಕೊನೆಯ ಚೀಟಿಯಲ್ಲಿ ಕಾಣುತ್ತದೆ, ಯುಪಿಐಯಲ್ಲಿ ಕಾಣುವುದಿಲ್ಲ. ಇದನ್ನು ಹಿಡಿಯಲು ಒಂದೇ ದಾರಿ: ಪ್ರತಿ ರಾತ್ರಿ ಬ್ಯಾಂಕಿಗೆ ಬಂದ ಮೊತ್ತವನ್ನು ಒಂದು ಕಡೆ, ಆ ಹಣದಲ್ಲಿ ತೀರಿದ ಬಿಲ್ಲುಗಳ ಮೊತ್ತವನ್ನು ಇನ್ನೊಂದು ಕಡೆ ಬರೆದು ಕಳೆಯುವುದು. ಹೆಚ್ಚಿಗೆ ಬಂದದ್ದೆಲ್ಲ ಕೆಲಸಗಾರರದು. ಈ ಕಳೆಯುವ ಲೆಕ್ಕ ಬರೆಯದ ಹೋಟೆಲಿನಲ್ಲಿ ಯುಪಿಐ ಟಿಪ್ಸು ಎಂಬುದು ಮಾಲೀಕನ ಹೆಚ್ಚುವರಿ ಆದಾಯವಾಗುತ್ತದೆ. ಗಿರಾಕಿಗೂ ಒಂದು ಮಾತು ಹೇಳುತ್ತೇನೆ: ಕೊಡುವ ಮನಸ್ಸಿದ್ದರೆ ನಗದಾಗಿ ಕೊಡಿ, ಅಥವಾ ಬಿಲ್ಲಿನ ಮೇಲೆಯೇ ಟಿಪ್ಸು 40 ಎಂದು ಬರೆದು ಅದರ ಫೋಟೊವನ್ನು ಸಪ್ಲೈಯರ್ ತೆಗೆದುಕೊಳ್ಳಲಿ.

ಒಡಕಿನ ಹೆಸರಿನಲ್ಲಿ ಹಿಡಿಯುವ ಹಣದ ಬಗ್ಗೆಯೂ ಹೇಳದೆ ಬಿಡಲಾರೆ. ಸಂಬಳದಿಂದ ದಂಡ ಹಿಡಿಯಲು ಕಾನೂನಿನಲ್ಲಿ ಬೇಲಿ ಇದೆ. 1936ರ ವೇತನ ಪಾವತಿ ಕಾಯ್ದೆಯಿಂದ ಬಂದ ನಿಯಮ ಅದು: ಒಂದು ಸಂಬಳದ ಅವಧಿಯಲ್ಲಿ ದಂಡ ನೂರಕ್ಕೆ 3ನ್ನು ದಾಟಬಾರದು. ವಸ್ತು ಹಾಳಾದದ್ದಕ್ಕೆ ಹಿಡಿಯುವುದಾದರೆ ಆದ ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು, ಅದೂ ಆ ಕೆಲಸಗಾರನ ಮಾತು ಕೇಳಿದ ಮೇಲೆ. ಹೊಸ ವೇತನ ಸಂಹಿತೆಯಲ್ಲೂ ಈ ಬೇಲಿ ಇದೆ. ಆದ್ದರಿಂದಲೇ ಒಡೆದ ಲೋಟಗಳೆಲ್ಲ ಟಿಪ್ಸಿನ ಲೆಕ್ಕಕ್ಕೆ ಬಂದು ಬೀಳುತ್ತವೆ. ಟಿಪ್ಸು ಸಂಬಳವಲ್ಲವಾದ್ದರಿಂದ ಅಲ್ಲಿ ಬೇಲಿಯಿಲ್ಲ, ಕೇಳುವವರಿಲ್ಲ. ಒಬ್ಬನ ಕೈಯಿಂದ ಜಾರಿದ ಲೋಟಕ್ಕೆ 22 ಜನರ ಪಾಲು ಕತ್ತರಿಸುತ್ತಾರೆ. ಎಷ್ಟು ಲೋಟ ಒಡೆಯಿತು, ಒಂದಕ್ಕೆ ಎಷ್ಟು ಬೆಲೆ ಎಂದು ಕೇಳಿದರೆ ಉತ್ತರವಿಲ್ಲ, ಒಡೆಯದ ತಿಂಗಳಲ್ಲೂ ಕತ್ತರಿ ನಿಲ್ಲುವುದಿಲ್ಲ. ಇದು ಕಳ್ಳತನ.

ಇದಕ್ಕೆಲ್ಲ ಕಾನೂನು ಮಾಡುವುದು ಸಾಧ್ಯವೇ ಇಲ್ಲ ಎನ್ನುವವರು ಬ್ರಿಟನ್ನಿನ ಕಡೆ ನೋಡಲಿ. ಅಲ್ಲಿಯೂ ಮಾಲೀಕರು ಇದೇ ಆಟ ಆಡುತ್ತಿದ್ದರು. 2023ರಲ್ಲಿ ಟಿಪ್ಸು ಹಂಚಿಕೆಗೆಂದೇ ಒಂದು ಕಾಯ್ದೆ ಮಾಡಿದರು, ಅದು 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಜಾರಿಯಲ್ಲಿದೆ. ಮಾಲೀಕನ ಕೈಗೆ ಬಂದ ಟಿಪ್ಸು ಮತ್ತು ಸರ್ವಿಸ್ ಚಾರ್ಜು ಪೂರ್ತಿ ಕೆಲಸಗಾರರಿಗೆ ಹೋಗಬೇಕು, ಕಾರ್ಡು ಶುಲ್ಕವನ್ನೂ ಅದರಿಂದ ಹಿಡಿಯುವಂತಿಲ್ಲ. ಗಿರಾಕಿ ಕೊಟ್ಟ ಮುಂದಿನ ತಿಂಗಳ ಕೊನೆಯೊಳಗೆ ಹಣ ಕೈಸೇರಬೇಕು. ಹಂಚುವ ನಿಯಮ ಬರಹದಲ್ಲಿರಬೇಕು, ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ಕೆಲಸಗಾರ ಕೇಳಿದರೆ ತೋರಿಸಬೇಕು. ಏಜೆನ್ಸಿಯ ಮೂಲಕ ಬಂದವರಿಗೂ ಪಾಲು ಉಂಟು. ಲಂಡನ್ನಿನಲ್ಲಿ ಹೈದರಾಬಾದಿ ಬಿರಿಯಾನಿ ಬಡಿಸುವ ಭಾರತೀಯ ಮಾಲೀಕನೂ ಈ ಕಾನೂನಿಗೆ ತಲೆಬಾಗಿ ಪೈಸೆಪೈಸೆಯ ಲೆಕ್ಕ ಬರೆಯಬೇಕು. ಅದೇ ಬಿರಿಯಾನಿ ಹುಟ್ಟಿದ ಊರಿನಲ್ಲಿ ಠೇಕೆದಾರ ಎಂಬ ಒಂದು ಹೆಸರು ಮುಂದೆ ಮಾಡಿ ತೊಳೆಯುವವರ ಪಾಲನ್ನು ನುಂಗುತ್ತಾರೆ.

ಕಾನೂನು ಬರುವವರೆಗೆ ಕಾಯುತ್ತ ಕೂರಬೇಕಿಲ್ಲ. ಆ ಹುಡುಗನೂ ಅವನ ಜೊತೆಯವರೂ ಕೇಳಿದರೆಂದು ನಾನು ಒಂದು ನೋಟೀಸು ಬರೆದುಕೊಟ್ಟೆ. ಮಾಲೀಕರು ಅಂಟಿಸಬೇಕಾದದ್ದು ಇಂಥದ್ದನ್ನು:

"ಈ ತಿಂಗಳು ಬಂದ ಟಿಪ್ಸು ಮತ್ತು ಸರ್ವಿಸ್ ಚಾರ್ಜಿನ ಒಟ್ಟು ಮೊತ್ತ ಇಷ್ಟು ರೂಪಾಯಿ. ಅದರಲ್ಲಿ ಕಾರ್ಡಿನಿಂದ ಇಷ್ಟು, ಯುಪಿಐಯಿಂದ ಇಷ್ಟು, ಡಬ್ಬಿಯಿಂದ ಇಷ್ಟು. ಸರ್ವಿಸ್ ಚಾರ್ಜು ಗಿರಾಕಿಯ ಇಷ್ಟ. ಬೇಡವೆಂದವರಿಂದ ತೆಗೆದುಕೊಂಡಿಲ್ಲ, ಅದಕ್ಕಾಗಿ ಯಾವ ಸಪ್ಲೈಯರನ್ನೂ ಬೈದಿಲ್ಲ. ಈ ಹಣದಿಂದ ಒಡಕಿಗೆ, ಬಟ್ಟೆಗೆ, ಶುಲ್ಕಕ್ಕೆ ಏನನ್ನೂ ಹಿಡಿದಿಲ್ಲ. ಮಾಲೀಕರಿಗೂ ಮ್ಯಾನೇಜರಿಗೂ ಇದರಲ್ಲಿ ಪಾಲಿಲ್ಲ. ಠೇಕೆದಾರನ ಮೂಲಕ ಬಂದವರೂ ಸೇರಿ ಈ ಬಾಗಿಲಿನೊಳಗೆ ದುಡಿದ ಎಲ್ಲರ ಹೆಸರು, ಪಾಯಿಂಟು, ಬಂದ ದಿನ, ಸಂದ ಹಣ, ಒಂದು ಪಾಲಿನ ಬೆಲೆ ಕೆಳಗಿದೆ. ಡಬ್ಬಿಯನ್ನು ಪ್ರತಿ ರಾತ್ರಿ ಬಡಿಸುವವರಲ್ಲಿ ಒಬ್ಬರು, ಅಡುಗೆಮನೆಯವರಲ್ಲಿ ಒಬ್ಬರು ಸೇರಿ ಎಣಿಸಿ ಸಹಿ ಮಾಡಿದ್ದಾರೆ. ಹಣವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಂಬಳದಿಂದ ಬೇರೆಯಾಗಿ ಕೊಡಲಾಗುವುದು. ಸಂಬಳದಲ್ಲಿ ಇದನ್ನು ಮುರಿದುಕೊಳ್ಳುವುದಿಲ್ಲ."

ಈ ನೋಟೀಸು ತೆಲುಗಿನಲ್ಲಿ, ಉರ್ದುವಿನಲ್ಲಿ, ಹಿಂದಿಯಲ್ಲಿ, ಅಲ್ಲಿ ದುಡಿಯುವವರು ಒಡಿಶಾದವರಾದರೆ ಒಡಿಯಾದಲ್ಲಿ, ನಮ್ಮವರಾದರೆ ಕನ್ನಡದಲ್ಲಿ ಇರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಲೆಕ್ಕ ಸರಿಯೇ ಎಂದು ನೋಡಲು ಯಾರಿಗೂ ದೊಡ್ಡ ವಿದ್ಯೆ ಬೇಕಿಲ್ಲ. ತನ್ನ ಪಾಯಿಂಟನ್ನು ತಾನು ಬಂದ ದಿನಗಳಿಂದ ಗುಣಿಸಿ, ಪಾಲಿನ ಬೆಲೆಯಿಂದ ಮತ್ತೊಮ್ಮೆ ಗುಣಿಸಿದರೆ ಕೈಗೆ ಬಂದ ಹಣ ಸಿಗಬೇಕು. ಎಲ್ಲರ ಕೈಗೆ ಬಂದದ್ದನ್ನು ಕೂಡಿಸಿದರೆ ಮೇಲಿನ ಮೊತ್ತ ಸಿಗಬೇಕು. ಎರಡರಲ್ಲಿ ಒಂದು ತಾಳೆಯಾಗದಿದ್ದರೂ ಎಲ್ಲೋ ಕತ್ತರಿ ಬಿದ್ದಿದೆ.

ಡೆಂಗಿ ಜ್ವರ ಬಂದು ಎಂಟು ದಿನ ಮಲಗಿದವಳಿಗೆ 18 ದಿನದ ಪಾಲು ಮಾತ್ರವೇ ಎಂದು ಆ ಹುಡುಗರು ಕೇಳಿದರು. ನನ್ನ ಉದಾಹರಣೆಯ ಲೆಕ್ಕದಲ್ಲಿ ಆಕೆಗೆ 7,020ರ ಬದಲು ಸುಮಾರು 4,917 ಸಿಗುತ್ತದೆ, ಉಳಿದ 21 ಜನರ ಪಾಲು ದಿನಕ್ಕೆ ಒಂದು ಪಾಯಿಂಟಿಗೆ ಒಂದು ರೂಪಾಯಿಯಷ್ಟು ಏರುತ್ತದೆ. ಆ ಒಂದೊಂದು ರೂಪಾಯಿಯನ್ನು ಬಿಟ್ಟುಕೊಟ್ಟರೆ ಆಕೆಯ ತಿಂಗಳು ಉಳಿಯುತ್ತದೆ. ವೈದ್ಯರ ಚೀಟಿ ಇರುವ ರಜೆಯನ್ನು ಬಂದ ದಿನವೆಂದೇ ಹಿಡಿಯೋಣ ಎಂದು ಅವರೇ ಮಾತಾಡಿಕೊಂಡರು. ಇಂಥದ್ದನ್ನು ತೀರ್ಮಾನಿಸಲು ಮ್ಯಾನೇಜರು ಬೇಕಾಗಿರಲಿಲ್ಲ.

ಬಿಟ್ಟುಹೋದವರ ಪಾಲಿನ ಮಾತು ಇನ್ನೂ ಇದೆ. ಹೋಟೆಲಿನ ಕೆಲಸದಲ್ಲಿ ಜನ ನಿಲ್ಲುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದವರು ತಿರುಗಿ ಬರುವುದಿಲ್ಲ, ತಾಯಿಗೆ ಹುಷಾರಿಲ್ಲವೆಂದು ನಡುತಿಂಗಳಲ್ಲೇ ಬಸ್ಸು ಹತ್ತುತ್ತಾರೆ. ಹಂಚುವ ದಿನ ಹಾಜರಿರದವರಿಗೆ ಪಾಲಿಲ್ಲ ಎಂಬ ಸಾಲು ಆ ಹೋಟೆಲಿನ ನೋಟೀಸಿನಲ್ಲೂ ಇತ್ತು, ಅತಿ ಸಣ್ಣ ಅಕ್ಷರದಲ್ಲಿ. 20 ದಿನ ದುಡಿದು ಹೋದ ಸಪ್ಲೈಯರನ 80 ಪಾಲುಗಳಿಗೆ, ಪಾಲಿಗೆ 90 ಹಿಡಿದರೂ, 7,200 ರೂಪಾಯಿ. ಅವನು ನಗುತ್ತ ಬಡಿಸಿದ್ದಕ್ಕೆ ಗಿರಾಕಿ ಕೊಟ್ಟ ಹಣ ಅದು. ಅವನು ಊರಿಗೆ ಹೋದ ಮಾತ್ರಕ್ಕೆ ಮಾಲೀಕನದಾಗುವುದಿಲ್ಲ. ಅವನ ಫೋನ್ ನಂಬರು ಹೋಟೆಲಿನ ಹತ್ತಿರ ಇದೆ, ಸಂಬಳ ಹಾಕುತ್ತಿದ್ದ ಖಾತೆಯೂ ಇದೆ. ಆ ಖಾತೆಗೆ ಅದೇ 7ನೇ ತಾರೀಖಿನೊಳಗೆ ಹಣ ಹಾಕಿ, ಹಾಕಿದ ದಿನಾಂಕವನ್ನು ಅವನ ಹೆಸರಿನ ಎದುರು ಗೋಡೆಯ ಮೇಲೆ ಬರೆಯಬೇಕು.